ನಲವತ್ತು ಮಕ್ಕಳು, ಒಂದು ಚೆಂಡು, ಒಂದು ಅರ್ಜಿ

ಬೇಸಿಗೆ ರಜೆ ಬಂತೆಂದರೆ ಖಾಸಗಿ ಶಾಲೆಗಳ ಕಚೇರಿಗೆ ಕೆಲಸದ ಅರ್ಜಿಗಳು ಬರತೊಡಗುತ್ತವೆ. ಅವುಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆಗೆ ಬರುವ ಅರ್ಜಿಗಳು ಬಹುಪಾಲು ಒಂದೇ ಅಚ್ಚಿನವು. ಮೊದಲು ಬಿ.ಪಿ.ಎಡ್. ಮುಗಿಸಿದ ಮಾತು, ಆಮೇಲೆ ಆಡಿದ ಕ್ರೀಡಾಕೂಟಗಳು, ಗೆದ್ದ ಪದಕಗಳು, ಕೊನೆಗೆ ‘ಅವಕಾಶ ಕೊಟ್ಟರೆ ಪ್ರಾಮಾಣಿಕವಾಗಿ ದುಡಿಯುತ್ತೇನೆ’ ಎಂಬ ಸಾಲು. ಓದಿದ ಮುಖ್ಯ ಶಿಕ್ಷಕರಿಗೆ ಅಭ್ಯರ್ಥಿ ಒಳ್ಳೆಯ ಆಟಗಾರ ಎಂದು ತಿಳಿಯುತ್ತದೆ. ಅವರು ಹುಡುಕುತ್ತಿರುವುದು ಮಾತ್ರ ಮಕ್ಕಳನ್ನು ಆಡಿಸಬಲ್ಲವರನ್ನು.

ಹೊಸಬರ ಅರ್ಜಿ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಅನುಭವವಿಲ್ಲ ಎಂಬ ಅಳುಕಿನಲ್ಲಿ ಅವರು ಪದಕಗಳನ್ನು ಮುಂದಿಡುತ್ತಾರೆ. ಆದರೆ ಎರಡು ವರ್ಷದ, ನಾಲ್ಕು ಸೆಮಿಸ್ಟರ್‌ಗಳ ಬಿ.ಪಿ.ಎಡ್. ಕೋರ್ಸಿನಲ್ಲಿ ಪಾಠಾಭ್ಯಾಸವಿರುತ್ತದೆ. ಅಭ್ಯರ್ಥಿ ಹತ್ತಿರದ ಶಾಲೆಗೆ ಹೋಗಿ, ಪಾಠ ಯೋಜನೆ ಬರೆದು, ನಿಜವಾದ ಮಕ್ಕಳಿಗೆ ತರಗತಿ ತೆಗೆದುಕೊಂಡಿರುತ್ತಾನೆ. ಅನುಭವವೆಂದು ತೋರಿಸಲು ಅದಕ್ಕಿಂತ ಹತ್ತಿರದ್ದು ಬೇರೆ ಇಲ್ಲ. ಅದೇ ಅರ್ಜಿಯಲ್ಲಿ ಒಂದು ಸಾಲಿಗೂ ಸಿಗದೆ ಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ತಾಲ್ಲೂಕು ಕೇಂದ್ರವೊಂದರ ಅನುದಾನರಹಿತ ಪ್ರೌಢಶಾಲೆಗೆ ಯುವತಿಯೊಬ್ಬಳು ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಕಾಲೇಜಿನಲ್ಲಿ ವಾಲಿಬಾಲ್ ಆಡಿದವಳು, ಅಂತರ ಕಾಲೇಜು ಪಂದ್ಯಾವಳಿಯ ಪ್ರಮಾಣಪತ್ರವಿದೆ. ಮೊದಲ ಕರಡಿನಲ್ಲಿ ಅವಳು ಬರೆದದ್ದು ಹೀಗೆ: ‘ನಾನು ವಾಲಿಬಾಲ್ ಆಟಗಾರ್ತಿಯಾಗಿದ್ದು, ಎಲ್ಲಾ ಕ್ರೀಡೆಗಳಲ್ಲೂ ಆಸಕ್ತಿ ಹೊಂದಿರುತ್ತೇನೆ. ಮಕ್ಕಳಿಗೆ ಉತ್ತಮ ತರಬೇತಿ ನೀಡುವೆನೆಂದು ಭರವಸೆ ನೀಡುತ್ತೇನೆ.’ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇನ್ನೊಬ್ಬ ಅಭ್ಯರ್ಥಿ ಆಟದ ಹೆಸರೊಂದನ್ನು ಬದಲಿಸಿ ಇದೇ ಸಾಲನ್ನು ಕಳಿಸಬಹುದು.

ಪಾಠಾಭ್ಯಾಸದಲ್ಲಿ ಅವಳು ಏಳನೇ ತರಗತಿಯ ನಲವತ್ತು ಮಕ್ಕಳಿಗೆ ವಾಲಿಬಾಲಿನ ಅಂಡರ್‌ಹ್ಯಾಂಡ್ ಪಾಸ್ ಕಲಿಸಿದ್ದಳು. ನಲವತ್ತು ನಿಮಿಷದ ಪಿರಿಯಡ್. ಹಾಜರಿ, ವಾರ್ಮ್‌ಅಪ್, ಕೊನೆಯ ಆಟ ಎಲ್ಲ ಕಳೆದು ಕೌಶಲ ಕಲಿಸಲು ಉಳಿದದ್ದು ಹದಿನೈದು ನಿಮಿಷ. ಒಂದೇ ಚೆಂಡು, ಒಂದೇ ಸಾಲು ಎಂದಿಟ್ಟುಕೊಂಡರೆ, ಒಬ್ಬರ ಸರದಿಗೆ ಹತ್ತು ಸೆಕೆಂಡು ಹಿಡಿದರೂ ಸಾಲು ಒಂದು ಸುತ್ತು ಮುಗಿಯಲು ಆರು ನಿಮಿಷ ನಲವತ್ತು ಸೆಕೆಂಡು ಬೇಕು. ಹದಿನೈದು ನಿಮಿಷದಲ್ಲಿ ಹೆಚ್ಚಿನ ಮಕ್ಕಳಿಗೆ ಚೆಂಡು ಸಿಗುವುದು ಎರಡೇ ಸಲ. ಉಳಿದ ಹೊತ್ತೆಲ್ಲ ನಿಂತು ಕಾಯುವುದು, ತಳ್ಳಾಡುವುದು. ಅವಳು ಮಕ್ಕಳನ್ನು ಐದೈದರಂತೆ ಎಂಟು ಗುಂಪು ಮಾಡಿದ್ದಳು. ಶಾಲೆಯಲ್ಲಿದ್ದ ವಾಲಿಬಾಲ್ ಮೂರೇ ಆದ್ದರಿಂದ ಉಳಿದ ಐದು ಗುಂಪಿಗೆ ಹಗುರ ಪ್ಲಾಸ್ಟಿಕ್ ಚೆಂಡು ಕೊಟ್ಟು, ನಡುನಡುವೆ ಗುಂಪುಗಳ ಚೆಂಡು ಬದಲಿಸಿದಳು. ಆಗ ಪ್ರತಿ ಮಗುವಿಗೂ ಐವತ್ತು ಸೆಕೆಂಡಿಗೊಮ್ಮೆ ಸರದಿ. ಹದಿನೈದು ನಿಮಿಷದಲ್ಲಿ ಹದಿನೆಂಟು ಸಲ.

ಎರಡು ಸಲಕ್ಕೂ ಹದಿನೆಂಟು ಸಲಕ್ಕೂ ಇರುವ ಅಂತರವೇ ದೈಹಿಕ ಶಿಕ್ಷಕರ ನಿಜವಾದ ವಿದ್ಯೆ. ಅರ್ಜಿಯಲ್ಲಿ ಕಾಣಬೇಕಾದದ್ದೂ ಇದೇ. ತಿದ್ದಿದ ಕರಡಿನಲ್ಲಿ ಆ ಭಾಗ ಹೀಗೆ ಬಂತು:

‘ಪಾಠಾಭ್ಯಾಸದ ಅವಧಿಯಲ್ಲಿ ಏಳನೇ ತರಗತಿಯ 40 ಮಕ್ಕಳಿಗೆ ವಾಲಿಬಾಲ್ ಕಲಿಸಿದೆ. ಚೆಂಡುಗಳು ಕಡಿಮೆ ಇದ್ದುದರಿಂದ ಮಕ್ಕಳನ್ನು 8 ಗುಂಪು ಮಾಡಿ, ಪ್ಲಾಸ್ಟಿಕ್ ಚೆಂಡುಗಳನ್ನೂ ಬಳಸಿ ಎಲ್ಲರೂ ಒಂದೇ ಹೊತ್ತಿಗೆ ಅಭ್ಯಾಸ ಮಾಡುವಂತೆ ನೋಡಿಕೊಂಡೆ. ಆ ದಿನದ ಪಾಠ ಯೋಜನೆಯನ್ನು ಲಗತ್ತಿಸಿದ್ದೇನೆ.’

ಭರವಸೆಯ ಮಾತು ಒಂದೂ ಇಲ್ಲ. ಆದರೂ ಓದುವವರಿಗೆ ಭರವಸೆ ಹುಟ್ಟುತ್ತದೆ.

ಇನ್ನು ಪತ್ರದ ಮೊದಲ ಭಾಗ. ‘ಇವರಿಗೆ’ ಎಂಬಲ್ಲಿ ಶಾಲೆಯ ಸರಿಯಾದ ಹೆಸರು, ‘ವಿಷಯ’ ಎಂಬಲ್ಲಿ ಹುದ್ದೆಯ ಹೆಸರು ಇರಲಿ. ಹಿಂದಿನ ಅರ್ಜಿಯನ್ನು ನಕಲು ಮಾಡಿ ಬೇರೊಂದು ಶಾಲೆಯ ಹೆಸರನ್ನು ಹಾಗೇ ಬಿಟ್ಟ ಪತ್ರವನ್ನು ಯಾರೂ ಮುಂದೆ ಓದುವುದಿಲ್ಲ. ಕಳಿಸುವ ಮೊದಲು ಒಮ್ಮೆ ಆ ಶಾಲೆಯ ಮುಂದೆ ಹಾದು ಬರುವುದು ಒಳ್ಳೆಯದು. ಅಂಗಳ ಎಷ್ಟು ದೊಡ್ಡದು, ಅಂಕಣ ಯಾವುದಿದೆ ಎಂಬುದು ಗೇಟಿನಿಂದಲೇ ಕಾಣುತ್ತದೆ. ಪುರುಷರ ಕಬಡ್ಡಿ ಅಂಕಣಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲ ಬೇಕು. ವಾಲಿಬಾಲಿಗೆ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತಲಿನ ಖಾಲಿ ಜಾಗ ಬೇರೆ. ಕಬಡ್ಡಿಗಷ್ಟೇ ಜಾಗವಿರುವ ಶಾಲೆಗೆ ‘ಫುಟ್‌ಬಾಲ್ ತಂಡ ಕಟ್ಟುತ್ತೇನೆ’ ಎಂದು ಬರೆದರೆ ಅಭ್ಯರ್ಥಿ ಶಾಲೆಯನ್ನು ನೋಡಿಯೇ ಇಲ್ಲ ಎಂದು ಗೊತ್ತಾಗಿಬಿಡುತ್ತದೆ.

ಶಾಲೆ ಯಾವ ಪಠ್ಯಕ್ರಮದ್ದು ಎಂಬುದರ ಮೇಲೂ ಬರೆಯುವುದು ಬದಲಾಗುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳಿಗೆ ಮಕ್ಕಳನ್ನು ಅಣಿಗೊಳಿಸುವ ಕೆಲಸ ಮುಖ್ಯ. ಸಿಬಿಎಸ್‌ಇ ಶಾಲೆಯಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗೆ ದೈಹಿಕ ಶಿಕ್ಷಣ ಒಂದು ಐಚ್ಛಿಕ ವಿಷಯ. ಅದರಲ್ಲಿ 70 ಅಂಕ ಲಿಖಿತ ಪರೀಕ್ಷೆಗೆ, 30 ಅಂಕ ಪ್ರಾಯೋಗಿಕಕ್ಕೆ. ಅಂಥಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಪಾಠ ಮಾಡಬಲ್ಲೆನೇ ಎಂಬುದನ್ನೂ ಹೇಳಬೇಕಾಗುತ್ತದೆ. ಪತ್ರದ ಭಾಷೆಯೂ ಶಾಲೆಯನ್ನು ನೋಡಿಕೊಂಡೇ ಆಗಬೇಕು.

ಪಾಲಕರಿಗೂ ಆಡಳಿತ ಮಂಡಳಿಗೂ ಇಂದು ಎಲ್ಲಕ್ಕಿಂತ ದೊಡ್ಡ ಚಿಂತೆ ಮಕ್ಕಳ ಸುರಕ್ಷತೆಯದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದುಬಂದರೆ ದೂರು ಕೊಡುವುದು ಕಡ್ಡಾಯ. ಮುಚ್ಚಿಟ್ಟರೆ ಅದೇ ಅಪರಾಧ. ದೈಹಿಕ ಶಿಕ್ಷಕರ ಕೆಲಸದಲ್ಲಿ ಮಗುವಿನ ಕೈಕಾಲು ಹಿಡಿದು ಭಂಗಿ ತಿದ್ದುವ ಸಂದರ್ಭ ಬರುತ್ತಲೇ ಇರುತ್ತದೆ. ಹೀಗಾಗಿ ‘ಕೌಶಲವನ್ನು ಮೊದಲು ನಾನೇ ಮಾಡಿ ತೋರಿಸುತ್ತೇನೆ. ಹಿಡಿದು ತಿದ್ದಲೇಬೇಕಾದರೆ ಮಗುವಿಗೆ ಹೇಳಿ, ಎಲ್ಲರ ಎದುರಿನಲ್ಲೇ ತಿದ್ದುತ್ತೇನೆ. ಪೊಲೀಸ್ ಪರಿಶೀಲನೆಗೆ ನನ್ನ ಒಪ್ಪಿಗೆ ಇದೆ’ ಎಂಬ ಮೂರು ಚಿಕ್ಕ ವಾಕ್ಯಗಳು ಪತ್ರದಲ್ಲಿದ್ದರೆ ತೂಕ ಹೆಚ್ಚುತ್ತದೆ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದರೆ ಅದನ್ನೂ ಇಲ್ಲೇ ಬರೆಯಬೇಕು.

ಪದಕಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಭಾಗವಹಿಸಿದ ಪ್ರಮಾಣಪತ್ರವನ್ನು ಗೆದ್ದದ್ದೆಂದು, ಅಂತರ ಕಾಲೇಜು ಮಟ್ಟವನ್ನು ‘ವಿಶ್ವವಿದ್ಯಾಲಯ ಮಟ್ಟ’ವೆಂದು ಹಿಗ್ಗಿಸಿ ಬರೆಯುವವರಿದ್ದಾರೆ. ಮೂಲ ದಾಖಲೆ ತೋರಿಸುವಾಗ ಇದು ಹೊರಬೀಳುತ್ತದೆ, ಜತೆಗೆ ಪತ್ರದ ಉಳಿದ ಮಾತುಗಳನ್ನೂ ಅನುಮಾನಕ್ಕೆ ಒಡ್ಡುತ್ತದೆ. ಫಲಿತಾಂಶದ ಮಾತೂ ಹಾಗೆಯೇ. ಅದು ಇನ್ನೂ ಬಂದಿಲ್ಲವಾದರೆ ‘ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಬರೆದಿದ್ದೇನೆ, ಫಲಿತಾಂಶ ಬರಬೇಕಿದೆ’ ಎಂದು ಬರೆದು, ಮೊದಲ ಮೂರು ಸೆಮಿಸ್ಟರ್‌ಗಳ ಅಂಕಪಟ್ಟಿ ಲಗತ್ತಿಸಿದರೆ ಸಾಕು.

ಇಷ್ಟೂ ಒಂದು ಪುಟದಲ್ಲಿ ಹಿಡಿಯುತ್ತದೆ. ಅಂಕ, ವರ್ಷ, ಪ್ರಮಾಣಪತ್ರಗಳ ವಿವರ ಜತೆಗಿಡುವ ಬಯೋಡೇಟಾದಲ್ಲಿ ಇರಲಿ. ಅವನ್ನೇ ಪತ್ರದಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ.

ಪತ್ರ ಮೆಚ್ಚುಗೆಯಾದರೆ ಶಾಲೆ ಡೆಮೊ ಕ್ಲಾಸ್‌ಗೆ ಕರೆಯುತ್ತದೆ. ಅಲ್ಲಿ ಪ್ರಶ್ನೆ ಶುರುವಾಗುವುದು ಬಹುತೇಕ ಪತ್ರದಲ್ಲಿದ್ದ ಸಾಲಿನಿಂದಲೇ. ‘ನಮ್ಮಲ್ಲಿ ಇರುವುದು ಎರಡೇ ಚೆಂಡು. ಪ್ಲಾಸ್ಟಿಕ್ ಚೆಂಡೂ ಇಲ್ಲ. ಏನು ಮಾಡ್ತೀರಮ್ಮ?’ ಎಂದು ಮುಖ್ಯ ಶಿಕ್ಷಕರು ಕೇಳಿದರೆ, ಆ ಪಾಠವನ್ನು ನಿಜವಾಗಿ ಮಾಡಿದವಳಿಗೆ ಉತ್ತರ ಹುಡುಕಬೇಕಾಗಿಲ್ಲ: ‘ಎರಡು ಗುಂಪಿಗೆ ಚೆಂಡು ಕೊಡ್ತೀನಿ ಸರ್. ಒಂದು ಗುಂಪು ಚೆಂಡಿಲ್ಲದೆ ಕೈ ಜೋಡಿಸಿ ಭಂಗಿ ಅಭ್ಯಾಸ ಮಾಡಲಿ, ಇನ್ನೊಂದು ಗುಂಪು ಅಕ್ಕಪಕ್ಕ ಜರುಗುವ ಕಾಲ್ಚಲನೆ ಮಾಡಲಿ. ನಾಲ್ಕು ನಿಮಿಷಕ್ಕೊಮ್ಮೆ ಸೀಟಿ ಊದಿ ಗುಂಪು ಬದಲಿಸ್ತೀನಿ.’