ಉರಿ ಕಾಣದ ಒಲೆ, ಕೂಗು ನಿಂತ ಕುಕ್ಕರ್

ಗ್ಯಾಸ್ ಒಲೆಯ ಮುಂದೆ ವರ್ಷಗಟ್ಟಲೆ ಅಡುಗೆ ಮಾಡಿದವರಿಗೆ ಉರಿ ಎಷ್ಟಿದೆ, ಆರಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ಇಂಡಕ್ಷನ್ ಒಲೆಯಲ್ಲಿ ಆ ಗುರುತೇ ಇಲ್ಲ. ಹೊಸ ಒಲೆ ತಂದಿಟ್ಟು, ಅಡುಗೆಗೆ ಬರುವ ಹೆಣ್ಣುಮಗಳಿಗೆ 'ಈ ಬಟನ್ ಒತ್ತಿ, ಅಷ್ಟೇ' ಎಂದು ಹೇಳಿ ನಾವು ಆಫೀಸಿಗೆ ಹೊರಟರೆ ಸಾಲದು. ಒಂದು ಚೀಟಿ ಬರೆದು ಒಲೆಯ ಹತ್ತಿರದ ಗೋಡೆಗೆ ಅಂಟಿಸಬೇಕು. ಅವರಿಗೆ ಓದು ಬಾರದಿದ್ದರೆ ಜೊತೆಗೆ ನಿಂತು ಒಮ್ಮೆ ಮಾಡಿ ತೋರಿಸಬೇಕು.

ಚೀಟಿಯಲ್ಲಿ ಕಾರಣವೂ ಇರಲಿ. ಇಂಡಕ್ಷನ್ ಒಲೆಯ ಗಾಜು ತಾನಾಗಿ ಕಾಯುವುದಿಲ್ಲ. ಗಾಜಿನ ಕೆಳಗಿನ ತಂತಿಯ ಸುರುಳಿ ಪಾತ್ರೆಯ ತಳದಲ್ಲಿ ವಿದ್ಯುತ್ ಹರಿಯುವಂತೆ ಮಾಡುತ್ತದೆ, ಅದರಿಂದ ತಳವೇ ಬಿಸಿಯಾಗುತ್ತದೆ. ಅಯಸ್ಕಾಂತ ಅಂಟುವ ತಳವಿದ್ದರೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ. ಹಳೆಯ ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಒಲೆ ಬೀಪ್ ಎಂದು ಸುಮ್ಮನಾಗುತ್ತದೆ. ಅದು ಒಲೆ ಕೆಟ್ಟಿದ್ದಲ್ಲ. ಕೆಲಸ ಮುಗಿದ ಮೇಲೂ ಗಾಜು ಸುಡುತ್ತದೆ, ಯಾಕೆಂದರೆ ಪಾತ್ರೆಯ ಬಿಸಿ ಅದಕ್ಕೆ ಇಳಿದಿರುತ್ತದೆ.

ಒಲೆ ಆಫ್ ಮಾಡಿದ ತಕ್ಷಣ ಬಿಸಿ ಮಾಡುವ ಕೆಲಸ ನಿಲ್ಲುತ್ತದೆ, ಆದರೆ ಕುಕ್ಕರ್ ಒಳಗಿನ ಒತ್ತಡ ನಿಲ್ಲುವುದಿಲ್ಲ. ನಿಜವಾದ ಅಪಾಯ ಇಲ್ಲಿದೆ. ಪೂರ್ತಿ ಒತ್ತಡ ಬಂದ ಕುಕ್ಕರ್ ಒಳಗೆ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಮುಚ್ಚಳ ಬಲವಂತವಾಗಿ ತೆಗೆದರೆ ಒತ್ತಡ ಒಮ್ಮೆಗೇ ಬೀಳುತ್ತದೆ, ಅಷ್ಟು ಕಾದ ನೀರಿನ ಒಂದು ಭಾಗ ಕ್ಷಣದಲ್ಲಿ ಹಬೆಯಾಗಿ ಬೇಳೆಯನ್ನೂ ಎತ್ತಿಕೊಂಡು ಮುಖ, ಕೈ, ಎದೆಯ ಮೇಲೆ ಎರಚುತ್ತದೆ. ಮುಚ್ಚಳ ಒಳಗಿನಿಂದ ಕೂರುವ ಕುಕ್ಕರನ್ನು ಒತ್ತಡವೇ ಬಿಗಿಯಾಗಿ ಹಿಡಿದಿರುತ್ತದೆ. ಹೊರಗಿನಿಂದ ತಿರುಗಿಸಿ ಮುಚ್ಚುವ ಕುಕ್ಕರಿನಲ್ಲಿ ಹಿಡಿ ಜಗ್ಗಿದರೆ ತೆರೆದುಬಿಡುವ ಭಯ ಹೆಚ್ಚು.

ಒಂದು ಲೋಟ ತೊಗರಿಬೇಳೆಯನ್ನು ಮೂರು ಲೀಟರ್ ಕುಕ್ಕರಿನಲ್ಲಿ ಬೇಯಿಸುವ ಮನೆಗೆ ಚೀಟಿ ಹೀಗಿರಬಹುದು:

'ಅಕ್ಕಾ, ಮೊದಲು ಮುಚ್ಚಳದ ತೂತನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬದಿ ಕಾಣಬೇಕು. ಬೇಳೆ, ನೀರು ಸೇರಿ ಕುಕ್ಕರ್ ಅರ್ಧಕ್ಕಿಂತ ಮೇಲೆ ಬರಬಾರದು. ಬೇಳೆ ನೊರೆ ಉಕ್ಕಿ ತೂತು ಕಟ್ಟಿಕೊಳ್ಳುತ್ತದೆ. ಎರಡು ಹನಿ ಎಣ್ಣೆ ಹಾಕಿ. ಕೈ ಒರೆಸಿಕೊಂಡು ಬಟನ್ ಮುಟ್ಟಿ. ಮೊದಲು ಜೋರಾಗಿಡಿ, ಒಂದು ಕೂಗು ಬಂದ ಮೇಲೆ 800ಕ್ಕೆ ಇಳಿಸಿ. ಇದು ಗ್ಯಾಸಿಗಿಂತ ಬೇಗ ಕೂಗುತ್ತದೆ, ಹಾಗಾಗಿ ಹಳೇ ಲೆಕ್ಕದ ಕೂಗಿಗೆ ಬೇಳೆ ಬೇಯದಿದ್ದರೆ ಗಾಬರಿ ಬೇಡ. ಆಫ್ ಮಾಡಿ, ಹತ್ತು ನಿಮಿಷ ಕುಕ್ಕರ್ ಮುಟ್ಟಬೇಡಿ. ಆಮೇಲೆ ಮುಖ ಹಿಂದಕ್ಕೆ ಇಟ್ಟು, ಉದ್ದ ಸೌಟಿನ ತುದಿಯಿಂದ ವಿಷಲನ್ನು ಸ್ವಲ್ಪವೇ ಎತ್ತಿ. ಸುಯ್ ಎಂದರೆ ಬಿಟ್ಟುಬಿಡಿ, ಇನ್ನೂ ಕಾಯಿರಿ. ಸದ್ದೇ ಇಲ್ಲದಿದ್ದರೆ ವಿಷಲ್ ತೆಗೆದು, ಮುಚ್ಚಳವನ್ನು ನಿಮ್ಮಿಂದ ಆಚೆಗೆ ವಾಲಿಸಿ ತೆರೆಯಿರಿ. ಹಿಡಿ ಬಿಗಿಯಾಗಿದ್ದರೆ ಬಲ ಹಾಕಬೇಡಿ. ಒಲೆಯ ಫ್ಯಾನ್ ನಿಂತ ಮೇಲೆಯೇ ಪ್ಲಗ್ ಸ್ವಿಚ್ ಆರಿಸಿ.'

ಸದ್ದು ಬಾರದಿರುವುದಕ್ಕೆ ಎರಡು ಅರ್ಥ ಇರಬಹುದು ಎಂಬುದನ್ನೂ ಬಾಯಲ್ಲಿ ಹೇಳಿಕೊಡಿ. ಒತ್ತಡ ಪೂರ್ತಿ ಇಳಿದಿರಬಹುದು, ಇಲ್ಲವೇ ತೂತು ಬೇಳೆಯಿಂದ ಕಟ್ಟಿರಬಹುದು. ಬೇಯುವಾಗ ಕೂಗೇ ಬಂದಿರಲಿಲ್ಲ, ಬದಿಯಿಂದ ಹಬೆಯೂ ಸೋರಲಿಲ್ಲ ಎಂದರೆ ಎರಡನೆಯದೇ ಇರಬೇಕು. ಆಗ ಒಲೆ ಆರಿಸಿ ದೂರ ಸರಿದು, ಕುಕ್ಕರ್ ಪೂರ್ತಿ ತಣ್ಣಗಾಗುವವರೆಗೆ ಬಿಡಬೇಕು. ಬದಿಯಿಂದ ಹಬೆ ಸೋರುತ್ತಿದ್ದರೆ ಗ್ಯಾಸ್ಕೆಟ್ ಸವೆದಿದೆ. ಸೇಫ್ಟಿ ವಾಲ್ವ್ ಹಾರಿಹೋದರೆ ಅದೇ ಕಂಪನಿಯದನ್ನೇ ತಂದು ಹಾಕಿಸಬೇಕು. ಇವೆರಡೂ ಮನೆಯವರ ಖರ್ಚು, ಮನೆಯವರ ಜವಾಬ್ದಾರಿ. ಒಲೆಗೆ 16 ಆಂಪಿಯರ್ ಪ್ಲಗ್ ಕೊಡಿಸುವುದೂ ಹಾಗೆಯೇ. ಎರಡು ಸಾವಿರ ವಾಟ್ ಎಳೆಯುವ ಒಲೆಗೆ ಎಕ್ಸ್‌ಟೆನ್ಷನ್ ಬೋರ್ಡ್ ಸಲ್ಲದು. ಗಾಜು ಬಿರುಕು ಬಿಟ್ಟರೆ ಗೋಡೆಯ ಸ್ವಿಚ್ ಆರಿಸಿ, ಮತ್ತೆ ಬಳಸಬಾರದು.

ಹಬೆ ತಗುಲಿ ಸುಟ್ಟರೆ ಬಳೆ, ಉಂಗುರ ಕಳಚಿ 20 ನಿಮಿಷ ಹರಿಯುವ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ. ಬೊಬ್ಬೆ ದೊಡ್ಡದಾಗಿದ್ದರೆ, ಮುಖಕ್ಕೆ ತಗುಲಿದ್ದರೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಆ ಹತ್ತು ನಿಮಿಷದ ಮಾತು. ಅಡುಗೆಯವರು ಮುಂದಿನ ಮನೆಗೆ ಒಂಬತ್ತಕ್ಕೆ ಹೋಗಬೇಕು, ನಮಗೂ ಡಬ್ಬಿ ಬೇಗ ಬೇಕು. ಈ ಅವಸರದಲ್ಲೇ ಕೈ ಹಿಡಿಗೆ ಹೋಗುತ್ತದೆ. ಬಂದ ಕೂಡಲೇ ಮೊದಲು ಬೇಳೆಯನ್ನೇ ಒಲೆಗಿಡಲು ಹೇಳಿ, ಕುಕ್ಕರ್ ಇಳಿಯುವಾಗ ತರಕಾರಿ ಹೆಚ್ಚಲಿ, ಕಾಯಿ ತುರಿಯಲಿ. ಒಂದು ದಿನ ತಡವಾದರೆ ಸಾರಿಲ್ಲದೆ ಊಟ ಮಾಡಿ, ಬೇಗ ತೆಗೆಯಿರಿ ಎಂದು ಮಾತ್ರ ಹೇಳಬೇಡಿ.