ವ್ಯಾನ್ ಡಿಕ್ಕಿಯಾದ ಮೇಲೆ ಡ್ರೈವರ್ ಏನು ಬರೆದುಕೊಡಬೇಕು?

ಮಕ್ಕಳಿದ್ದ ಶಾಲಾ ವ್ಯಾನ್ ಇನ್ನೊಂದು ಗಾಡಿಗೆ ಡಿಕ್ಕಿ ಹೊಡೆದರೆ, ಆಗಿದ್ದೇನು ಅಂತ ಹೇಳಬಲ್ಲ ದೊಡ್ಡವರು ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಇರುತ್ತಾರೆ: ಡ್ರೈವರ್, ಮತ್ತೆ ಆಯಾ ಇದ್ದರೆ ಆಯಾ. ಅವರ ಮಾತಿಗೆ ಕಾದು ಕುಳಿತವರು ಮೂರು ಕಡೆ. ಪೊಲೀಸರಿಗೆ ಬೇಕಾದದ್ದು ತಪ್ಪು ಯಾರದು ಅನ್ನುವುದು. ವಿಮಾ ಕಂಪನಿಗೆ ಬೇಕಾದದ್ದು ಪಾಲಿಸಿ, ಲೈಸೆನ್ಸ್, ಪರ್ಮಿಟ್. ತಾಯಿ ತಂದೆ ಕೇಳುವುದು ಬೇರೆಯೇ: ನಮ್ಮ ಮಗು ಎಲ್ಲಿ ಕೂತಿತ್ತು, ಏನಕ್ಕೆ ತಾಗಿತು, ಆಮೇಲೆ ಯಾರ ಕೈಯಲ್ಲಿತ್ತು? ಶಾಲೆಗೆ ಡ್ರೈವರ್ ಬರೆದುಕೊಡುವ ವಿವರಣೆಯಲ್ಲಿ ಈ ಮೂರನೆಯದೇ ಹೆಚ್ಚಾಗಿ ಇರುವುದಿಲ್ಲ. ‘ನಾನು ನಿಧಾನವಾಗಿ ಬರುತ್ತಿದ್ದೆ, ಎದುರಿನವನು ಅಡ್ಡ ಬಂದ, ದೇವರ ದಯೆಯಿಂದ ಮಕ್ಕಳಿಗೆ ಏನೂ ಆಗಿಲ್ಲ’ ಅನ್ನುವಲ್ಲಿಗೆ ಕಾಗದ ಮುಗಿದಿರುತ್ತದೆ.

ಒಂದು ಪ್ರಸಂಗ ಊಹಿಸಿಕೊಳ್ಳೋಣ. ತಾಲ್ಲೂಕು ಕೇಂದ್ರವೊಂದರ ಹೊರಗೆ, ಬೆಳಿಗ್ಗೆ ಎಂಟೂಕಾಲು, ತುಂತುರು ಮಳೆ. ಮ್ಯಾಕ್ಸಿಕ್ಯಾಬ್‌ನಲ್ಲಿ 15 ಮಕ್ಕಳು. ಎಡಗಡೆಯ ಅಡ್ಡರಸ್ತೆಯ ಮೂಲೆಯಲ್ಲಿ ಒಂದು ಲಾರಿ ನಿಂತಿದೆ. ಅದರ ಮರೆಯಿಂದ ಗೂಡ್ಸ್ ಆಟೊ ಒಂದು ಮುಖ್ಯರಸ್ತೆಗೆ ಮೂತಿ ಹಾಕುತ್ತದೆ. ವ್ಯಾನಿನ ಮುಂದಿನ ಎಡಮೂಲೆ ಆಟೊಕ್ಕೆ ಬಡಿಯುತ್ತದೆ. ಗಾಜು ಒಡೆಯುವುದಿಲ್ಲ, ಯಾರೂ ರಕ್ತ ಸುರಿಸಿಕೊಂಡಿಲ್ಲ. ದಿನಾ ನಡೆಯುವಂಥ ಅಪಘಾತ.

ಕಾನೂನು ಡ್ರೈವರ್‌ಗೆ ಮೊದಲು ಹೇಳುವುದು ಬರೆಯುವುದನ್ನಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುಗಳಿಗೆ ಚಿಕಿತ್ಸೆ ಕೊಡಿಸುವುದು ಮೊದಲ ಕೆಲಸ. ಜನ ಮೈಮೇಲೆ ಬಿದ್ದು ಹೊಡೆಯುವಂಥ ಪರಿಸ್ಥಿತಿ ಇದ್ದರೆ ಅದಕ್ಕೂ ಕಾಯ್ದೆ ವಿನಾಯಿತಿ ಕೊಟ್ಟಿದೆ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಇದೆಲ್ಲ ಶಾಲೆಯ ಮೂಲಕ ಆಗಿಬಿಡುತ್ತದೆ ಅಂತ ಡ್ರೈವರ್ ಕೈಕಟ್ಟಿ ಕೂರುವಂತಿಲ್ಲ, ಹೊಣೆ ಅವನದೇ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರ ನಿಯಮಗಳಲ್ಲಿ ಡ್ರೈವರ್‌ಗೆಂದೇ ಒಂದು ನಮೂನೆ ಇದೆ, ಫಾರಂ 3. ಅಪಘಾತವಾದ 30 ದಿನದೊಳಗೆ ಅದನ್ನು ಭರ್ತಿ ಮಾಡಿ ತನಿಖಾಧಿಕಾರಿಗೆ ಕೊಡಬೇಕು. ಅಂದರೆ ಡ್ರೈವರ್‌ನ ಮಾತು ಹೇಗೂ ಎರಡು ಮೂರು ಕಡೆ ದಾಖಲಾಗುತ್ತದೆ. ಶಾಲೆಗೆ ಒಂದು, ಠಾಣೆಗೆ ಇನ್ನೊಂದು ಹೇಳಿದರೆ ಮುಂದೆ ವಕೀಲರು ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ.

ನಮ್ಮ ಪ್ರಸಂಗದ ಡ್ರೈವರ್‌ಗೆ ಮತ್ತೆ ಬರೋಣ. ‘ನಿಧಾನವಾಗಿ ಬರುತ್ತಿದ್ದೆ’ ಅನ್ನುವ ಮಾತಿಗೆ ಬೆಲೆ ಕಡಿಮೆ, ಏಕೆಂದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ಬೆಲೆ ಇರುವುದು ಅಳೆದು ನೋಡಬಹುದಾದ ಮಾತಿಗೆ. ಆಟೊ ಮೊದಲು ಕಂಡಾಗ ವ್ಯಾನ್ ಎಲ್ಲಿತ್ತು? ‘20 ಮೀಟರ್ ದೂರ’ ಅಂತ ಅಂದಾಜು ಹೇಳುವ ಬದಲು ‘ಮೆಡಿಕಲ್ ಶಾಪ್ ಬೋರ್ಡಿನ ಹತ್ತಿರ ಇದ್ದೆ’ ಅನ್ನಲಿ. ಬೋರ್ಡು ಅಲ್ಲೇ ಇರುತ್ತದೆ, ಮಹಜರಿಗೆ ಬಂದವರು ಟೇಪು ಹಿಡಿದು ಅಳೆಯಬಹುದು.

ಅಳೆದರೆ ಏನು ಗೊತ್ತಾಗುತ್ತದೆ ಅಂತ ನೋಡಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಎಂಟು ಮೀಟರ್ ಚಿಲ್ಲರೆ ಓಡುತ್ತದೆ. ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 12 ಮೀಟರ್ ಕಳೆದಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ ಏಳೆಂಟು ಮೀಟರ್. ಒಟ್ಟು 20 ಮೀಟರ್ ಹತ್ತಿರ. ವೇಗ 45 ಆಗಿದ್ದರೆ ಅದೇ ಲೆಕ್ಕ 34 ಮೀಟರಿಗೆ ಹೋಗುತ್ತದೆ. ಬೋರ್ಡಿನಿಂದ ಡಿಕ್ಕಿಯಾದ ಜಾಗಕ್ಕೆ 25 ಮೀಟರ್ ಬಂತು ಅಂದುಕೊಳ್ಳಿ. ಆಗ ‘ಮೂವತ್ತರಲ್ಲಿದ್ದೆ, ಕಂಡ ತಕ್ಷಣ ಬ್ರೇಕ್ ಹೊಡೆದೆ’ ಅನ್ನುವುದು ಲೆಕ್ಕಕ್ಕೆ ಕೂರುವುದಿಲ್ಲ, ವ್ಯಾನ್ ನಿಲ್ಲಬೇಕಿತ್ತು. ಹಾಗಾದರೆ ಡ್ರೈವರ್ ಸುಳ್ಳು ಹೇಳುತ್ತಿದ್ದಾನೆಯೇ? ಇರಲಾರದು. ಕೆದಕಿ ಕೇಳಿದರೆ ನಡುವೆ ಬಿಟ್ಟುಹೋದ ಒಂದು ಸಂಗತಿ ಹೊರಗೆ ಬರುತ್ತದೆ: ‘ಅವನ ಮೂತಿ ಕಂಡಾಗ ಹಾರ್ನ್ ಹೊಡೆದೆ. ನಿಲ್ಲುತ್ತಾನೆ ಅಂದುಕೊಂಡೆ. ನಿಲ್ಲಲಿಲ್ಲ, ಆಮೇಲೆ ಬ್ರೇಕ್ ಹೊಡೆದೆ.’ ನಮ್ಮ ರಸ್ತೆಗಳಲ್ಲಿ ಹಾರ್ನನ್ನೇ ಬ್ರೇಕು ಅಂತ ನಂಬಿ ಗಾಡಿ ಓಡಿಸುವವರು ಎಷ್ಟಿದ್ದಾರೆ ಅಂತ ಬೇರೆ ಹೇಳಬೇಕಿಲ್ಲ. ಆದರೆ ಶಾಲೆಯವರು ನಾಳೆ ಡ್ರೈವರ್‌ಗಳಿಗೆ ಏನು ಹೇಳಿಕೊಡಬೇಕು ಅನ್ನುವುದು ಆ ಒಂದು ಸಾಲಿನಲ್ಲೇ ಇದೆ.

ಇನ್ನು ವ್ಯಾನಿನ ಒಳಗಿನ ಕಥೆ. ಪೋಷಕರಿಗೆ ಬೇಕಾದದ್ದು ಇದೇ, ಡ್ರೈವರ್ ಹೇಳಲು ಹಿಂಜರಿಯುವುದೂ ಇದನ್ನೇ. ಸೀಟಿಗಿಂತ ಹೆಚ್ಚು ಮಕ್ಕಳಿದ್ದರೋ ಏನೋ, ಒಂದು ಮಗು ಡ್ರೈವರ್ ಪಕ್ಕದ ಮುಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿತ್ತೋ ಏನೋ. ಒಂದು ಹಾಳೆ ತೆಗೆದುಕೊಂಡು ಸೀಟುಗಳ ಚೌಕ ಎಳೆದು, ಯಾವ ಚೌಕದಲ್ಲಿ ಯಾವ ಮಗು ಅಂತ ಹೆಸರು ಬರೆದರೆ ಎರಡು ಪುಟದ ವಿವರಣೆಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ನೆನಪಿನಲ್ಲಿ ಬಿಟ್ಟುಹೋದ ಮಕ್ಕಳನ್ನು ಆಯಾ ಹೇಳುತ್ತಾಳೆ, ಹತ್ತಿದ ಸ್ಟಾಪಿನ ಪಟ್ಟಿ ಹೇಳುತ್ತದೆ.

ಚೌಕದ ಚಿತ್ರ ಏಕೆ ಬೇಕು ಅಂದರೆ, ಡಿಕ್ಕಿಯ ಹೊಡೆತ ಎಲ್ಲರಿಗೂ ಒಂದೇ ಥರ ತಾಗುವುದಿಲ್ಲ. ಎಡಮೂಲೆಗೆ ಬಡಿದ ವ್ಯಾನಿನಲ್ಲಿ ಮುಂದೆ ಎಡಗಡೆ ಕೂತ ಮಗುವಿನ ಹಣೆ ಡ್ಯಾಶ್‌ಬೋರ್ಡಿಗೋ ಬಾಗಿಲಿಗೋ ಹೋಗಿರಬಹುದು. ನಡುವಿನ ಸಾಲಿನವರ ಗಲ್ಲ ಮುಂದಿನ ಸೀಟಿನ ಕಂಬಿಗೆ ಬಡಿದಿರಬಹುದು. ಹಿಂದೆ ಕೂತವರು ಒಬ್ಬರ ಮೇಲೊಬ್ಬರು ಬಿದ್ದಿರಬಹುದು. ಮಕ್ಕಳು ಅಲ್ಲೇ ಹೇಳುವುದಿಲ್ಲ. ಹೆದರಿರುತ್ತವೆ, ಡ್ರೈವರಣ್ಣನಿಗೆ ಬೈಗುಳ ಬೀಳುತ್ತದೆ ಅಂತ ಮುಚ್ಚಿಡುವ ಮಕ್ಕಳೂ ಇರುತ್ತವೆ. ತಲೆಗೆ ಪೆಟ್ಟಾದ ಮಗು ಮೊದಲು ಚೆನ್ನಾಗಿಯೇ ಓಡಾಡಿಕೊಂಡಿದ್ದು, ಕೆಲವು ಗಂಟೆ ಕಳೆದ ಮೇಲೆ ಮೇಲಿಂದ ಮೇಲೆ ವಾಂತಿ ಮಾಡಬಹುದು, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸಬಹುದು, ಎಬ್ಬಿಸಿದರೆ ಸರಿಯಾಗಿ ಏಳದೆ ಇರಬಹುದು, ತಲೆನೋವು ಹೆಚ್ಚಾಗುತ್ತ ಹೋಗಬಹುದು. ಇಂಥದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆಗ ವೈದ್ಯರು ಕೇಳುವ ಮೊದಲ ಪ್ರಶ್ನೆ ‘ಎಲ್ಲಿಗೆ ಪೆಟ್ಟಾಯಿತು?’ ಉತ್ತರ ಆ ಚೌಕದಲ್ಲಿದೆ. ಆದ್ದರಿಂದ ‘ಮಕ್ಕಳಿಗೆ ಏನೂ ಆಗಿಲ್ಲ’ ಅಂತ ಡ್ರೈವರ್ ಬರೆಯಬಾರದು, ಅದು ಅವನಿಗೆ ಗೊತ್ತಾಗುವ ವಿಷಯವಲ್ಲ. ‘ನನಗೆ ರಕ್ತ ಕಾಣಲಿಲ್ಲ, ಇಬ್ಬರು ಮಕ್ಕಳು ಅಳುತ್ತಿದ್ದರು, ಮುಂದೆ ಕೂತಿದ್ದ ಮಗು ಹಣೆ ಹಿಡಿದುಕೊಂಡಿತ್ತು’ ಅಂತ ಬರೆಯಬಹುದು.

ಇನ್ನೊಂದು ಮಾತು, ಆಸ್ಪತ್ರೆಗೆ ಹೋದಾಗ ‘ಮನೆಯಲ್ಲಿ ಬಿದ್ದ’ ಅಂತ ಹೇಳಿ ಕೇಸು ತಪ್ಪಿಸಿಕೊಳ್ಳುವ ಚಾಳಿ ಕೆಲವರಿಗಿದೆ. ರಸ್ತೆ ಅಪಘಾತ ಅಂತ ಎಂಎಲ್‌ಸಿ ದಾಖಲಾಗದಿದ್ದರೆ ಮುಂದೆ ಅದೇ ಗಾಯಕ್ಕೆ ಪರಿಹಾರ ಕೇಳುವುದು ಬಲು ಕಷ್ಟ.

ತಪ್ಪೊಪ್ಪಿಗೆಯ ವಿಚಾರ ಸ್ವಲ್ಪ ಸೂಕ್ಷ್ಮ. ಸಾಮಾನ್ಯವಾಗಿ ವಾಹನ ವಿಮಾ ಪಾಲಿಸಿಯಲ್ಲಿ ಒಂದು ಷರತ್ತು ಇರುತ್ತದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ವಿಮೆ ಮಾಡಿಸಿದವರಾಗಲಿ, ಅವರ ಪರವಾಗಿ ಬೇರೆಯವರಾಗಲಿ ಹೊಣೆ ಒಪ್ಪಿಕೊಳ್ಳಬಾರದು, ಹಣ ಕೊಡುತ್ತೇವೆ ಅಂತ ಮಾತು ಕೊಡಬಾರದು. ಪೊಲೀಸರಲ್ಲದ ಬೇರೆಯವರ ಮುಂದೆ ಡ್ರೈವರ್ ಮಾಡಿದ ಒಪ್ಪಿಗೆಯನ್ನು ನ್ಯಾಯಾಲಯ ಪರಿಗಣಿಸಲೂಬಹುದು. ಇದನ್ನು ಕೇಳಿದ ಕೆಲವು ಆಡಳಿತ ಮಂಡಳಿಗಳು ಡ್ರೈವರ್ ಬಾಯಿಗೆ ಬೀಗ ಹಾಕುತ್ತವೆ. ಪೋಷಕರ ಸಿಟ್ಟು ನೆತ್ತಿಗೇರುವುದು ಆಗಲೇ. ಷರತ್ತು ಹೇಳುವುದು ಹೊಣೆ ಒಪ್ಪಿಕೊಳ್ಳಬೇಡಿ ಅಂತ. ನಡೆದದ್ದನ್ನು ಹೇಳಬೇಡಿ ಅಂತಲ್ಲ, ಅಯ್ಯೋ ಅನ್ನಬೇಡಿ ಅಂತಲೂ ಅಲ್ಲ. ‘ಎಲ್ಲಾ ನನ್ನದೇ ತಪ್ಪು’ ಅನ್ನುವುದೂ ‘ಪೂರಾ ಆಟೊದವನದೇ ತಪ್ಪು’ ಅನ್ನುವುದೂ ತೀರ್ಪುಗಳು. ‘ಹಾರ್ನ್ ಹೊಡೆದು ಆಮೇಲೆ ಬ್ರೇಕ್ ಹೊಡೆದೆ’ ಅನ್ನುವುದು ಸಂಗತಿ. ಕಾಗದದಲ್ಲಿ ಸಂಗತಿಗಳಷ್ಟೇ ಇರಲಿ. ಪೋಷಕರ ಸಭೆಯಲ್ಲಿ ಡ್ರೈವರ್ ಎದ್ದು ನಿಂತು ‘ಅಮ್ಮಾ, ಮಕ್ಕಳು ಹೆದರಿದ್ದನ್ನು ನೋಡಿ ನನಗೂ ಜೀವ ಹೋದಂಗಾಯ್ತು’ ಅಂದರೆ ಯಾವ ಪಾಲಿಸಿಯೂ ಮುರಿಯುವುದಿಲ್ಲ.

ಗಾಡಿ ಯಾರದು ಅನ್ನುವುದೂ ಕಾಗದದಲ್ಲಿ ಬರಬೇಕು. ಎಷ್ಟೋ ವ್ಯಾನುಗಳು ಶಾಲೆಯವಲ್ಲ, ಪೋಷಕರೇ ಸೇರಿ ತಿಂಗಳ ಬಾಡಿಗೆಗೆ ಗೊತ್ತುಮಾಡಿದವು. ಅದರಲ್ಲೂ ಬಿಳಿ ಬೋರ್ಡಿನ ಸ್ವಂತ ಬಳಕೆಯ ಗಾಡಿಯಾದರೆ ತೊಡಕು ದೊಡ್ಡದು. ಖಾಸಗಿ ಪಾಲಿಸಿ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ ಅಂತ ಕಂಪನಿ ತಕರಾರು ತೆಗೆಯುತ್ತದೆ, ಪರಿಹಾರದ ಕೇಸು ಎಳೆಯುತ್ತ ಹೋಗುತ್ತದೆ. ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಉಳಿಯಿತು ಅಂತ ಅಂಥ ವ್ಯಾನನ್ನು ಹುಡುಕಿದವರಲ್ಲಿ ಪೋಷಕರೂ ಇರುತ್ತಾರೆ.

ಬರೆಯುವವರು ಯಾರು? ಅನೇಕ ಡ್ರೈವರ್‌ಗಳಿಗೆ ಉದ್ದದ ಬರವಣಿಗೆ ಅಭ್ಯಾಸವಿಲ್ಲ. ಆಫೀಸಿನ ಗುಮಾಸ್ತರು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ. ಡ್ರೈವರ್ ‘ಗಾಡಿ ಒಂದ್ಸಲ ಜಾರ್ತು ಸಾರ್’ ಅಂದದ್ದು ಹಾಳೆಯಲ್ಲಿ ‘ವಾಹನವು ನಿಯಂತ್ರಣ ತಪ್ಪಿದ್ದರಿಂದ’ ಆಗಿಬಿಡುತ್ತದೆ. ಎರಡೂ ಒಂದೇ ಅಲ್ಲ. ಒಂದು ಒದ್ದೆ ರಸ್ತೆಯ, ಟೈರಿನ ಮಾತು. ಇನ್ನೊಂದನ್ನು ಓದಿದವರಿಗೆ ಡ್ರೈವರ್‌ನ ಅಜಾಗರೂಕತೆ ಕಾಣುತ್ತದೆ. ಅವನ ಮಾತನ್ನು ಅವನ ಮಾತಿನಲ್ಲೇ ಬರೆದು, ಗಟ್ಟಿಯಾಗಿ ಓದಿ ಹೇಳಿ, ಅವನು ತಿದ್ದಿದ್ದನ್ನು ತಿದ್ದಿ, ಆಮೇಲೆ ಸಹಿ ಪಡೆಯಬೇಕು. ಖಾಲಿ ಹಾಳೆಯ ಮೇಲೆ ಸಹಿ ಕೇಳಿದರೆ ಯಾವ ಡ್ರೈವರೂ ಹಾಕಬಾರದು, ಕೇಳಿದವರು ಮಾಲೀಕರೇ ಆದರೂ. ಸಾಧ್ಯವಾದರೆ ಅದೇ ದಿನ ಬರೆಸುವುದು ಒಳ್ಳೆಯದು. ನಾಲ್ಕು ದಿನ ಬಿಟ್ಟರೆ ತಾನು ಕಂಡದ್ದು ಯಾವುದು, ಟೀ ಅಂಗಡಿಯಲ್ಲಿ ಕೇಳಿದ್ದು ಯಾವುದು ಅಂತ ಅವನಿಗೇ ಗೊತ್ತಾಗುವುದಿಲ್ಲ.

ಬರೆದುಕೊಟ್ಟ ಮೇಲೆ ಹೊಸದೇನಾದರೂ ನೆನಪಾದರೆ ಹಳೆಯ ಹಾಳೆ ಹರಿದು ಹೊಸದು ಬರೆಯಬಾರದು. ಮೂರನೆಯ ದಿನ ಆಯಾ ಬಂದು, ಹಿಂದಿನ ಸೀಟಿನ ಹುಡುಗಿ ಡಿಕ್ಕಿಗೆ ಮುಂಚೆ ಎದ್ದು ನಿಂತು ಬ್ಯಾಗು ತೆಗೆಯುತ್ತಿದ್ದಳು ಅಂದಳು ಅಂದುಕೊಳ್ಳಿ. ಬೇರೆ ಹಾಳೆಯಲ್ಲಿ ಆ ದಿನದ ತಾರೀಖು ಹಾಕಿ, ಹೇಳಿದವಳು ಆಯಾ ಅಂತ ನಮೂದಿಸಿ, ಮೊದಲಿನದಕ್ಕೆ ಪಿನ್ ಹಾಕಿದರಾಯಿತು. ಆ ಹುಡುಗಿಯ ಮನೆಗೆ ಅವತ್ತೇ ಫೋನ್ ಮಾಡಿ, ಮೈಗೆ ಎಲ್ಲಾದರೂ ನೋವಿದೆಯೇ ಅಂತ ಕೇಳಬೇಕು.