ಬೆಳಿಗ್ಗೆ ತೆರೆಯದ ಲೂವರ್

ಹೊಸೂರಿನ ಬಾಗಲೂರು ರಸ್ತೆಯ ಕಡೆಯ ಓದುಗರೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಒಂದು ವಾರ ಬಿಡಲಿಲ್ಲ. ಅವರ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿಗೆ ಹೊರಗೋಡೆಯ ಬದಿಯಲ್ಲಿ ಪ್ಲಾಸ್ಟಿಕ್ ಲೂವರ್ ಇದೆ. ಫ್ಯಾನ್ ಹಾಕಿದರೆ ಅದರ ಪಟ್ಟಿಗಳು ಗಾಳಿಗೆ ಮೇಲೇಳಬೇಕು, ನಿಲ್ಲಿಸಿದರೆ ತಮ್ಮ ಭಾರಕ್ಕೆ ತಾವೇ ಮುಚ್ಚಿಕೊಳ್ಳಬೇಕು. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಆರು ಗಂಟೆಗೆ ಆ ಪಟ್ಟಿಗಳು ಅಲುಗುವುದೇ ಇಲ್ಲವಂತೆ. ಮಧ್ಯಾಹ್ನ ಅದೇ ಫ್ಯಾನಿಗೆ ಸಲೀಸಾಗಿ ತೆರೆದುಕೊಳ್ಳುತ್ತವಂತೆ. “ತಿಂಗಳಿಗೊಮ್ಮೆ ಎಣ್ಣೆ ಬಿಡ್ತಾನೇ ಇದೀನಿ ಸರ್. ಬೆಳಿಗ್ಗೆ ಹೊತ್ತು ಕರೆಂಟ್ ಕಮ್ಮಿ ಇರುತ್ತಾ?”

ಹೋಗಿ ನೋಡಿದೆ. ಕರೆಂಟಿನ ತಪ್ಪೇನೂ ಇರಲಿಲ್ಲ, ಫ್ಯಾನ್ ಪೂರ್ತಿ ವೇಗದಲ್ಲೇ ತಿರುಗುತ್ತಿತ್ತು. ಪಟ್ಟಿಯ ಕೀಲನ್ನು ಉಗುರಿನಿಂದ ಕೆರೆದಾಗ ಮೇಣದಂಥ ಬಿಳಿ ಪದಾರ್ಥ ಬಂತು. ಅದು ಬೆರಳ ಬಿಸಿಗೆ ಕ್ಷಣದಲ್ಲಿ ಕರಗಿ ನೀರಾಯಿತು. “ಯಾವ ಎಣ್ಣೆ ಬಿಟ್ರಿ ಅಮ್ಮಾ?” ಎಂದೆ. “ಕೊಬ್ಬರಿ ಎಣ್ಣೆ, ಇನ್ಯಾವುದು?” ಎಂದರು. ಒಗಟು ಅಲ್ಲಿಗೇ ಬಿಚ್ಚಿಕೊಂಡಿತು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ. ಹೊಸೂರು ಸಮುದ್ರ ಮಟ್ಟದಿಂದ 900 ಮೀಟರಿನ ಆಸುಪಾಸಿನಲ್ಲಿರುವ ಊರು. ಡಿಸೆಂಬರಿನ ಬೆಳಗಿನಲ್ಲಿ ಇಲ್ಲಿ ಉಷ್ಣತೆ 15 ಡಿಗ್ರಿಯವರೆಗೂ ಇಳಿಯುತ್ತದೆ. ತಲೆಗೆ ಹಚ್ಚಲು ಬಾಟಲಿಯನ್ನು ಬಿಸಿನೀರಿನಲ್ಲಿ ಇಡುವ ಮನೆಯವರಿಗೆ ಇದು ಗೊತ್ತಿರುವ ಸಂಗತಿಯೇ. ಅದೇ ಎಣ್ಣೆ ಗೋಡೆಯ ಹೊರಮೈಯಲ್ಲಿ, ಚಳಿಗೆ ಮೈಯೊಡ್ಡಿದ ಕೀಲಿನೊಳಗೆ ಕೂತಿದೆ ಎನ್ನುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಒಳಗೆ ಸ್ನಾನದ ಬಿಸಿ ಹಬೆ ತುಂಬಿದ್ದರೂ ಪಟ್ಟಿ ತೆರೆಯದ ಕಾರಣ ಅದು ಕೀಲಿನವರೆಗೆ ತಲುಪುವುದಿಲ್ಲ. ಮಧ್ಯಾಹ್ನ ಗೋಡೆಗೆ ಬಿಸಿಲು ಬಿದ್ದ ಮೇಲೆ ಎಣ್ಣೆ ಕರಗುತ್ತದೆ, ಪಟ್ಟಿ ಏಳುತ್ತದೆ.

ಇಷ್ಟು ಚೂರು ಎಣ್ಣೆ ಒಂದು ಫ್ಯಾನನ್ನು ತಡೆಯುತ್ತದೆಯೇ? ತಡೆಯುತ್ತದೆ. ಇಂಥ ಸಣ್ಣ ಫ್ಯಾನ್ ಪಟ್ಟಿಯ ಮೇಲೆ ಹಾಕುವ ಒತ್ತಡ ತೀರಾ ಕಡಿಮೆ, 20 ಪ್ಯಾಸ್ಕಲ್ ಎಂದಿಟ್ಟುಕೊಳ್ಳಿ. ಪಟ್ಟಿ 15 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲವಿದ್ದರೆ ಅದರ ಮೇಲೆ ಬೀಳುವ ಬಲ ಸುಮಾರು 9 ಗ್ರಾಮ್ ತೂಕಕ್ಕೆ ಸಮ. ಒಂದು ಹತ್ತು ರೂಪಾಯಿ ನಾಣ್ಯಕ್ಕಿಂತ ಕೊಂಚ ಹೆಚ್ಚು, ಅಷ್ಟೇ. ಫ್ಯಾನಿನ ಸದ್ದು ಕೇಳಿ ನಾವು ಅದರ ಶಕ್ತಿಯನ್ನು ಅಳೆಯುತ್ತೇವೆ, ಆದರೆ ಲೂವರಿನ ಒಂದೊಂದು ಪಟ್ಟಿಯ ಪಾಲಿಗೆ ಬರುವುದು ಒಂದು ನಾಣ್ಯದ ಭಾರ. ಕೀಲಿನಲ್ಲಿ, ಪಟ್ಟಿಯ ಮೇಲೊಂದು ಪಟ್ಟಿ ಕೂರುವ ಅಂಚಿನಲ್ಲಿ ಅಂಟು ಹಿಡಿದರೆ ಆ ಬಲ ಸಾಲುವುದಿಲ್ಲ.

ಕೀಲು ಬಿಗಿಯಾದರೆ ಎಣ್ಣೆ ಬಿಡಬೇಕು ಎನ್ನುವ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಬಾಗಿಲಿನ ಕಬ್ಬಿಣದ ಕೀಲಿಗೆ ಅದು ಸರಿ. ಪ್ಲಾಸ್ಟಿಕ್ ರಂಧ್ರದಲ್ಲಿ ಪ್ಲಾಸ್ಟಿಕ್ ತುದಿ ಆಡುವ ಲೂವರಿಗೆ ಎಣ್ಣೆಯೇ ಬೇಕಿಲ್ಲ. ಬಿಟ್ಟರೆ ಅದು ಟವೆಲಿನ ಎಳೆ, ಪೌಡರು, ಚರ್ಮದ ಹೊಟ್ಟು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಫ್ಯಾನಿನ ರೆಕ್ಕೆಗಳ ಮೇಲೂ ಕಂದು ಜಿಡ್ಡು ಇತ್ತು, ಆದರೆ ಅದು ಕೊಬ್ಬರಿ ಎಣ್ಣೆಯದಲ್ಲ. ಅವರ ಅಡುಗೆಮನೆ ಬಾತ್‌ರೂಮಿಗೆ ಎದುರಾಗಿಯೇ ಇದೆ. ಎಕ್ಸಾಸ್ಟ್ ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ದಬ್ಬಿದಷ್ಟೂ ಬಾಗಿಲ ಸಂದಿನಿಂದ ಮನೆಯ ಗಾಳಿ ಒಳಗೆ ಬರಬೇಕು. ಒಗ್ಗರಣೆ ಹಾಕುವ ಹೊತ್ತಿಗೆ ಫ್ಯಾನ್ ಓಡುತ್ತಿದ್ದರೆ ಆ ಹೊಗೆ ನೇರ ಇಲ್ಲಿಗೇ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳ ಸೂಕ್ಷ್ಮ ಹನಿಗಳು ರೆಕ್ಕೆಗೆ ಅಂಟಿ, ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಕೂಡಿ ಗೋಂದಿನಂತಾಗುತ್ತವೆ. ಹಳೆಯ ಜಿಡ್ಡು ಬರೀ ನೀರಿಗೆ ಜಗ್ಗದಿರುವುದು ಅದಕ್ಕೇ.

ತೊಳೆಯುವ ಕೆಲಸಕ್ಕೆ ಮುಂಚೆ ಕರೆಂಟಿನ ಮಾತು. ಸ್ವಿಚ್ ಆರಿಸಿದರೆ ಸಾಲದು. ಹಳೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರೆ, ಫ್ಯಾನ್ ನಿಂತರೂ ಅದರೊಳಗೆ 230 ವೋಲ್ಟ್ ಕಾದಿರುತ್ತದೆ. ಪ್ಲಗ್ ಇದ್ದರೆ ಕಿತ್ತಿಡಿ. ಇಲ್ಲದಿದ್ದರೆ ಎಂಸಿಬಿ ಇಳಿಸಿ, ಯಾರೂ ಏರಿಸದಂತೆ ಅದರ ಮೇಲೆ ಟೇಪ್ ಹಚ್ಚಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಬೇರೊಂದು ಸಾಕೆಟ್ಟಿನಲ್ಲಿ ಉರಿಸಿ ನೋಡಿ, ಆಮೇಲೆ ಫ್ಯಾನಿನ ತಂತಿಗೆ ಹಿಡಿಯಿರಿ, ಮತ್ತೆ ಅದೇ ಸಾಕೆಟ್ಟಿಗೆ ಹಿಡಿಯಿರಿ. ಕೆಟ್ಟ ಟೆಸ್ಟರ್ ಉರಿಯದಿರುವುದನ್ನು ಕರೆಂಟ್ ಇಲ್ಲ ಎಂದು ತಿಳಿದು ಕೈ ಹಾಕಬಾರದು. ಕೆಲವು ಫ್ಯಾನುಗಳಿಗೆ ಕೆಪಾಸಿಟರ್ ಇರುತ್ತದೆ, ಅದರ ತುದಿಗಳನ್ನು ಮುಟ್ಟಬೇಡಿ. ತಂತಿ ಬಿಚ್ಚಬೇಕಾಗಿ ಬಂದರೆ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ. ನೆಲ ಒಣಗಿರಲಿ, ಅಲುಗದ ಏಣಿ ಇರಲಿ. ಮಹಡಿ ಮನೆಯಾದರೆ ಕಿಟಕಿಯಿಂದ ಹೊರಗೆ ಬಾಗಿ ಲೂವರ್ ಕೀಳುವ ಸಾಹಸವಂತೂ ಬೇಡವೇ ಬೇಡ.

ಅವರ ಮನೆಯಲ್ಲಿ ಲೂವರಿನ ಚೌಕಟ್ಟು ವರಾಂಡದ ಕಡೆಗಿತ್ತು, ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬಂತು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಎಂಬ ಅಳತೆಯಲ್ಲಿ ಟಬ್ಬಿನಲ್ಲಿ ಕಲಸಿ ಇಪ್ಪತ್ತು ನಿಮಿಷ ನೆನೆಹಾಕಿದೆವು. ಬಟ್ಟೆ ಸೋಪು ಬೇಡ ಎಂದೆ. ಅಲ್ಲಿಯದು ಬೋರ್‌ವೆಲ್ಲಿನ ಗಡಸು ನೀರು, ಸೋಪು ಅದರ ಸುಣ್ಣದಂಶದ ಜೊತೆ ಸೇರಿ ಇನ್ನೊಂದು ಬಗೆಯ ಅಂಟನ್ನೇ ಬಿಡುತ್ತದೆ. ಕುದಿನೀರು ಪಟ್ಟಿಯನ್ನು ಸೊಟ್ಟಗೆ ಮಾಡುತ್ತದೆ. ಪೆಟ್ರೋಲು, ಥಿನ್ನರು ಬೆಂಕಿಗೆ ದಾರಿ, ಕೆಲವು ಪ್ಲಾಸ್ಟಿಕ್ಕನ್ನು ಕರಗಿಸಿಯೂ ಬಿಡುತ್ತವೆ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನ ಜೊತೆ ಎಂದೂ ಸೇರಿಸಬೇಡಿ. ಅದರಿಂದೇಳುವ ಕ್ಲೋರಿನ್ ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೆ ಅಪಾಯ.

ನೆನೆದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚುಗಳನ್ನು ಉಜ್ಜಿ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಕೀಲಿನ ರಂಧ್ರಗಳನ್ನು ಒರೆಸಿದೆವು. ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ ಒರೆಸಬೇಕು, ಅದೇ ಗುರುತು. ರೆಕ್ಕೆಗಳನ್ನು ಅದೇ ದ್ರಾವಣದಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ, ಒಂದು ಕೈಯಲ್ಲಿ ರೆಕ್ಕೆಗೆ ಆಸರೆ ಕೊಟ್ಟು ಒರೆಸಿದೆ. ಎಲ್ಲ ರೆಕ್ಕೆಗಳನ್ನೂ ಒಂದೇ ಸಮ ಒರೆಸಬೇಕು. ಒಂದರಲ್ಲಿ ಜಿಡ್ಡು ಉಳಿದರೆ ತೂಕ ತಪ್ಪಿ ಫ್ಯಾನ್ ನಡುಗುತ್ತದೆ. ಮೋಟಾರಿಗೆ ಒಣ ಬ್ರಷ್ ಮಾತ್ರ, ಅದರ ಮೇಲೆ ಯಾವ ಸ್ಪ್ರೇಯೂ ಬೇಡ. ಎಲ್ಲವೂ ನೆರಳಿನಲ್ಲಿ ಅರ್ಧ ದಿನ ಒಣಗಿದ ಮೇಲೆಯೇ ಎಂಸಿಬಿ ಏರಿಸಿದ್ದು.

ಪರೀಕ್ಷೆ ಸುಲಭ. ಒಳಬದಿಯ ಜಾಲರಿಗೆ ಒಂದು ಟಿಶ್ಯೂ ಪೇಪರ್ ಹಿಡಿದು ಕೈ ಬಿಟ್ಟರೆ ಅದು ಅಂಟಿಕೊಂಡು ನಿಲ್ಲಬೇಕು. ಮೊದಲ ಸಲ ಬಿದ್ದುಹೋಯಿತು. ಬಾಗಿಲನ್ನು ಒಂದು ಬೆರಳಷ್ಟು ತೆರೆದೊಡನೆ ಅಂಟಿಕೊಂಡಿತು. ಬಾಗಿಲ ಕೆಳಗೆ ಸಂದೇ ಇಲ್ಲದಿದ್ದರೆ ಎಷ್ಟು ಚೊಕ್ಕ ಫ್ಯಾನಿಗೂ ಎಳೆಯಲು ಗಾಳಿ ಸಿಗುವುದಿಲ್ಲ.

ಕೀಲಿಗೆ ಈ ಸಲ ಏನನ್ನೂ ಹಾಕಲಿಲ್ಲ. ಹತ್ತು ದಿನದ ಮೇಲೆ ಅವರು ಫೋನ್ ಮಾಡಿದರು. ಬೆಳಿಗ್ಗೆ ಆರಕ್ಕೆ, ತಲೆಗೆ ಹಚ್ಚುವ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿ ಕೂತಿದ್ದಾಗ, ಐದೂ ಪಟ್ಟಿಗಳು ತೆರೆದಿದ್ದವಂತೆ.